ಮೊತ್ತ ಸರಿ, ರಾಜ್ಯ ತಪ್ಪು: ವಿದ್ಯುತ್ ಸಾಮರ್ಥ್ಯದ ಮಾಸಿಕ ಪಿಡಿಎಫ್‌ನಿಂದ ಕೋಷ್ಟಕ ತೆಗೆದ ಒಂದು ಪ್ರಕರಣ

ಕೇಂದ್ರ ವಿದ್ಯುತ್ ಪ್ರಾಧಿಕಾರ (ಸಿಇಎ) ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ವಿವರವನ್ನು, ರಾಜ್ಯಗಳನ್ನು ಉತ್ತರ, ದಕ್ಷಿಣ ಎಂಬಂತೆ ಪ್ರದೇಶಗಳಾಗಿ ಗುಂಪು ಮಾಡಿ, ತಿಂಗಳಿಗೊಮ್ಮೆ ಪಿಡಿಎಫ್ ವರದಿಯಾಗಿ ಪ್ರಕಟಿಸುತ್ತದೆ. ಯಾವ ರಾಜ್ಯಕ್ಕೆ ಕಲ್ಲಿದ್ದಲಿನಿಂದ ಎಷ್ಟು ಮೆಗಾವಾಟ್, ಜಲವಿದ್ಯುತ್ತಿನಿಂದ ಎಷ್ಟು, ಅದರಲ್ಲಿ ರಾಜ್ಯ ಸರ್ಕಾರದ್ದೆಷ್ಟು, ಖಾಸಗಿಯದ್ದೆಷ್ಟು, ಕೇಂದ್ರದ್ದೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಇಂಧನ ನೀತಿಯ ಬಗ್ಗೆ ಕೆಲಸ ಮಾಡುವ ಬೆಂಗಳೂರಿನ ಸಣ್ಣ ತಂಡವೊಂದು ಈ ವರದಿಯಿಂದ ಅಂಕಿಗಳನ್ನು ತೆಗೆದು ತನ್ನ ಡ್ಯಾಶ್‌ಬೋರ್ಡಿಗೆ ತಾನಾಗಿ ತುಂಬುವ ಸ್ಕ್ರಿಪ್ಟ್ ಒಂದನ್ನು ಬಹಳ ಕಾಲದಿಂದ ನಡೆಸುತ್ತಿತ್ತು. ಮುಖಪುಟದಲ್ಲಿದ್ದದ್ದು ಇಡೀ ದೇಶದ ಚಿತ್ರ. ಸಂಗ್ರಹವಾಗಿದ್ದ ಅಂಕಿಗಳನ್ನೇ ಬಳಸಿ ರಾಜ್ಯವಾರು ಪುಟವನ್ನು ಹೊಸದಾಗಿ ತೆರೆದಾಗ ತೊಂದರೆ ಕಾಣಿಸಿಕೊಂಡಿತು. ಆ ಸ್ಕ್ರಿಪ್ಟನ್ನು ಪರಿಶೀಲಿಸಿ ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ತಪ್ಪನ್ನು ಹಿಡಿದವರು ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್ ಒಬ್ಬರು. ಪುಟ ನೋಡಿದವರೇ ತಂಡಕ್ಕೆ ಫೋನ್ ಮಾಡಿ, ‘ಕರ್ನಾಟಕದ ರಾಜ್ಯ ವಲಯದಲ್ಲಿ ಕಲ್ಲಿದ್ದಲು ಸೊನ್ನೆ ಎಂದು ತೋರಿಸುತ್ತಿದ್ದೀರಲ್ಲ, ರಾಯಚೂರನ್ನು ಮುಚ್ಚಿಬಿಟ್ಟರೇ?’ ಎಂದು ಕೇಳಿದರು. ‘ರಾಯಚೂರು 1720, ಬಳ್ಳಾರಿ 1700, ಯರಮರಸ್ 1600, ಕೂಡಿದರೆ 5020. ಆ 5020 ನಿಮ್ಮ ಪುಟದಲ್ಲಿ ತೆಲಂಗಾಣದ ಹೆಸರಿಗೆ ಹೋಗಿದೆ ನೋಡಿ’ ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕರ್ನಾಟಕದ ಸಾಲಿನಲ್ಲಿ ಕೇರಳದ ಅಂಕಿ ಕೂತಿತ್ತು. ಕೇರಳದಲ್ಲಿ ಕಲ್ಲಿದ್ದಲು ಸ್ಥಾವರ ಇಲ್ಲದಿರುವುದರಿಂದ ಸೊನ್ನೆ ಬಂದಿತ್ತು. ಕೇರಳಕ್ಕೆ ತಮಿಳುನಾಡಿನದ್ದು, ತೆಲಂಗಾಣಕ್ಕೆ ಕರ್ನಾಟಕದ್ದು ಹೋಗಿ, ಎಲ್ಲವೂ ಒಂದೊಂದು ರಾಜ್ಯ ಮೇಲಕ್ಕೆ ಸರಿದಿದ್ದವು.

ಸ್ಕ್ರಿಪ್ಟಿನಲ್ಲಿ ಪರೀಕ್ಷೆಯೇ ಇರಲಿಲ್ಲವೆಂದಲ್ಲ. ಎಲ್ಲ ಸಾಲುಗಳನ್ನೂ ಕೂಡಿ, ವರದಿಯಲ್ಲೇ ಅಚ್ಚಾಗಿರುವ ಪ್ರದೇಶದ ಒಟ್ಟು ಮೊತ್ತದೊಂದಿಗೆ ಅದು ಹೋಲಿಸುತ್ತಿತ್ತು. ಪ್ರತಿ ತಿಂಗಳೂ ಮೊತ್ತ ಸರಿಯಾಗಿ ತಾಳೆಯಾಗುತ್ತಿತ್ತು. ಅಂಕಿ ಯಾವ ರಾಜ್ಯದ ಹೆಸರಿಗೆ ಹೋದರೂ ದಕ್ಷಿಣ ಪ್ರದೇಶದ ಮೊತ್ತ ಬದಲಾಗುವುದಿಲ್ಲವಲ್ಲ. ಹಾಗಾಗಿ ಆ ಪರೀಕ್ಷೆ ಈ ಬಗೆಯ ತಪ್ಪನ್ನು ಎಂದೂ ಹಿಡಿಯುವಂತಿರಲಿಲ್ಲ. ಪಿಡಿಎಫ್‌ನಿಂದ ಕೋಷ್ಟಕ ತೆಗೆಯುವವರು ತಲೆ ಕೆಡಿಸಿಕೊಳ್ಳಬೇಕಾದದ್ದು ಇಂಥ ತಪ್ಪಿನ ಬಗ್ಗೆಯೇ. ಸ್ಕ್ರಿಪ್ಟ್ ಮುರಿದು ನಿಂತರೆ ಆ ದಿನವೇ ಗೊತ್ತಾಗುತ್ತದೆ. ನಿಲ್ಲದೆ ನಡೆದು, ನಂಬುವಂಥ ತಪ್ಪು ಅಂಕಿಯನ್ನು ಕೊಟ್ಟರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಪುಟದ ಮೇಲೆ ಏನಿದೆ, ಕಡತದೊಳಗೆ ಏನಿದೆ

ದಕ್ಷಿಣ ಪ್ರದೇಶದ ಕೋಷ್ಟಕವನ್ನೇ ತೆಗೆದುಕೊಳ್ಳೋಣ. ಎಡಗಡೆಯ ಮೊದಲ ಕಾಲಂನಲ್ಲಿ ರಾಜ್ಯದ ಹೆಸರು, ಅದರ ಪಕ್ಕದ ಕಾಲಂನಲ್ಲಿ ಮಾಲೀಕತ್ವದ ವಲಯ. ಪ್ರತಿ ರಾಜ್ಯಕ್ಕೂ ನಾಲ್ಕು ಸಾಲು: State, Private, Central, ಕೊನೆಗೆ ಆ ಮೂರರ ಉಪಮೊತ್ತ. ಅಂಕಿಗಳ ಕಾಲಂಗಳು ಕಲ್ಲಿದ್ದಲು, ಲಿಗ್ನೈಟ್, ಅನಿಲ, ಡೀಸೆಲ್, ಇವು ನಾಲ್ಕರ ಉಷ್ಣ ವಿದ್ಯುತ್ ಮೊತ್ತ, ಆಮೇಲೆ ಪರಮಾಣು, ಜಲ, ನವೀಕರಿಸಬಹುದಾದ ಮೂಲಗಳು, ಕಡೆಗೆ ಒಟ್ಟು ಮೊತ್ತ. ರಾಜ್ಯದ ಹೆಸರು ನಾಲ್ಕು ಸಾಲುಗಳಷ್ಟು ಎತ್ತರದ ಒಂದೇ ಸೆಲ್‌ನಲ್ಲಿ, ಸೆಲ್‌ನ ನಟ್ಟನಡುವೆ ಅಚ್ಚಾಗಿರುತ್ತದೆ. ಓದುವವರ ಕಣ್ಣಿಗೆ ಇದರಲ್ಲಿ ಗೊಂದಲವೇನೂ ಇಲ್ಲ.

ಆದರೆ ಪಿಡಿಎಫ್ ಕಡತದೊಳಗೆ ಸಾಮಾನ್ಯವಾಗಿ ಕೋಷ್ಟಕ ಎಂಬ ವಸ್ತುವೇ ಇರುವುದಿಲ್ಲ. ಈ ಅಕ್ಷರವನ್ನು ಪುಟದ ಈ ಜಾಗದಲ್ಲಿ ಬರೆ, ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಷ್ಟು ಅಗಲದ ಆಯತಕ್ಕೆ ಬಣ್ಣ ತುಂಬು ಎಂಬ ಆದೇಶಗಳಷ್ಟೇ ಇರುತ್ತವೆ. ಯಾವ ಅಂಕಿ ಯಾವ ಸಾಲಿಗೆ ಸೇರಿದ್ದು ಎಂಬುದನ್ನು ಅಕ್ಷರಗಳ ಜಾಗದಿಂದ ಅಥವಾ ಗೆರೆಗಳ ಜಾಗದಿಂದ ನಾವೇ ಊಹಿಸಿಕೊಳ್ಳಬೇಕು. ಇದಕ್ಕೆ ಎರಡು ದಾರಿಗಳಿವೆ, ಹಳೆಯ ಸ್ಕ್ರಿಪ್ಟ್ ಹಿಡಿದದ್ದು ಮೊದಲನೆಯದನ್ನು.

ಅದು `pdftotext -layout` ಆದೇಶದಿಂದ ಪುಟವನ್ನು ಸರಳ ಪಠ್ಯವಾಗಿ ಮಾಡಿಕೊಂಡು, ಒಂದೊಂದೇ ಸಾಲು ಓದುತ್ತಾ ಖಾಲಿ ಜಾಗ ಕಂಡಲ್ಲಿ ಕಾಲಂ ಒಡೆಯುತ್ತಿತ್ತು. ಈ ಆದೇಶ ಗೆರೆಗಳನ್ನು ನೋಡುವುದಿಲ್ಲ. ಅಕ್ಷರಗಳು ಪುಟದ ಮೇಲೆ ಎಷ್ಟು ಎತ್ತರದಲ್ಲಿವೆ ಎಂದು ನೋಡಿ, ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿರುವುದನ್ನು ಒಂದೇ ಸಾಲಿನಲ್ಲಿ ಇಡುತ್ತದೆ. ನಾಲ್ಕು ಸಾಲಿನ ಸೆಲ್‌ನ ನಟ್ಟನಡುವೆ ಎಂದರೆ ಎರಡನೆಯ ಮತ್ತು ಮೂರನೆಯ ಸಾಲಿನ ಮಧ್ಯೆ. ಆದ್ದರಿಂದ ಹೊರಬರುವ ಪಠ್ಯ ಹೀಗಿರುತ್ತದೆ:

```
             State        5020.00   ...
             Private      ...
Karnataka
             Central      ...
             Sub Total    ...
```

ಹೆಸರು ಕಂಡ ಮೇಲೆ ಮುಂದಿನ ಹೆಸರು ಬರುವವರೆಗಿನ ಸಾಲುಗಳೆಲ್ಲ ಅದೇ ರಾಜ್ಯದವು ಎಂಬ ನಿಯಮ ಹಳೆಯ ಸ್ಕ್ರಿಪ್ಟಿನಲ್ಲಿತ್ತು. ಈ ನಿಯಮದ ಪ್ರಕಾರ ಕರ್ನಾಟಕದ State, Private ಸಾಲುಗಳು ಅದರ ಮೇಲಿರುವ ತೆಲಂಗಾಣಕ್ಕೆ ಸೇರುತ್ತವೆ. ಕರ್ನಾಟಕಕ್ಕೆ ಉಳಿಯುವುದು ತನ್ನ Central ಮತ್ತು ಕೇರಳದ State, Private. ಹೀಗಾದರೆ ಪಟ್ಟಿಯ ಮೊದಲ ರಾಜ್ಯವಾದ ಆಂಧ್ರಪ್ರದೇಶದ ಮೊದಲ ಎರಡು ಸಾಲುಗಳಿಗೆ ಹೆಸರೇ ಸಿಗುವುದಿಲ್ಲ. ಅಲ್ಲಿಯಾದರೂ ತಪ್ಪು ಬಯಲಾಗಬೇಕಿತ್ತು. ಆದರೆ ಹೆಸರಿಲ್ಲದೆ ಬಂದ ಸಾಲುಗಳನ್ನು ಮೊದಲ ರಾಜ್ಯಕ್ಕೇ ಸೇರಿಸಿಬಿಡು ಎಂಬ ಒಂದು ಸಣ್ಣ ತೇಪೆಯನ್ನು ಯಾರೋ ಹಾಕಿದ್ದರು. ಆ ತೇಪೆಯಿಂದ ಒಂದು ಸಾಲೂ ಕಳೆದುಹೋಗಲಿಲ್ಲ, ಮೊತ್ತ ಕೂಡಿ ಬಂತು, ಪರೀಕ್ಷೆ ಪಾಸಾಯಿತು. ಆಂಧ್ರಕ್ಕೆ ತನ್ನ ಅಂಕಿಯ ಜೊತೆಗೆ ತೆಲಂಗಾಣದ್ದೂ ಸೇರಿ ದೊಡ್ಡ ಸಂಖ್ಯೆಯೊಂದು ಬಂದಿತ್ತು. ಆಂಧ್ರ ದೊಡ್ಡ ರಾಜ್ಯ, ಇರಬಹುದು ಎಂದು ನೋಡಿದವರೆಲ್ಲ ಒಪ್ಪಿಕೊಂಡಿರಬೇಕು.

ಗೆರೆಗಳನ್ನು ನಂಬಿ ಓದುವುದು

ಎರಡನೆಯ ದಾರಿ ಗೆರೆಗಳದ್ದು. ಈ ವರದಿಯ ಕೋಷ್ಟಕಕ್ಕೆ ಸುತ್ತಲೂ ಒಳಗೂ ಗೆರೆಗಳಿವೆ. ಗೆರೆ ಇರುವಲ್ಲಿ ಖಾಲಿ ಜಾಗವನ್ನು ನಂಬುವ ಅಗತ್ಯವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. `camelot` ಗ್ರಂಥಾಲಯದ `lattice` ವಿಧಾನವೂ ಇದೇ ತತ್ವದ್ದು. ನಾನು `pdfplumber` ಆರಿಸಿಕೊಂಡೆ. ಒಂದೊಂದು ಅಕ್ಷರ, ಒಂದೊಂದು ಗೆರೆ ಎಲ್ಲಿದೆ ಎಂಬುದನ್ನು ಅದು ನೇರವಾಗಿ ನಮ್ಮ ಕೈಗೆ ಕೊಡುತ್ತದೆ. ಏನಾದರೂ ಕೆಟ್ಟಾಗ ಕಾರಣ ಹುಡುಕುವುದಕ್ಕೆ ಅದು ತುಂಬ ಅನುಕೂಲ.

```python
import pdfplumber

S = {"vertical_strategy": "lines",
     "horizontal_strategy": "lines"}

with pdfplumber.open("ic.pdf") as pdf:
    for page in pdf.pages:
        t = page.extract_text() or ""
        t = " ".join(t.split()).casefold()
        if "southern region" in t and "allocated shares" in t:
            rows = page.extract_table(S)
```

ಪುಟದ ಸಂಖ್ಯೆಯನ್ನು ಸ್ಕ್ರಿಪ್ಟಿನಲ್ಲಿ ಬರೆದಿಡದೆ, ಶೀರ್ಷಿಕೆಯ ಪದಗಳಿಂದ ಪುಟ ಹುಡುಕಿರುವುದನ್ನು ಗಮನಿಸಿ. ವರದಿಯ ಮುಂದೆ ಒಂದು ಪುಟ ಹೆಚ್ಚು ಸೇರಿದರೂ ಇದು ಕೆಡುವುದಿಲ್ಲ. ಶೀರ್ಷಿಕೆ ಎರಡು ಸಾಲಿಗೆ ಒಡೆದುಕೊಂಡರೂ ಪದಗಳು ಸಿಗಲಿ ಎಂದು ಖಾಲಿ ಜಾಗಗಳನ್ನೆಲ್ಲ ಮೊದಲು ಒಂದೇ ಅಳತೆಗೆ ತಂದಿದ್ದೇನೆ. ಹೊರಬರುವ ಸಾಲುಗಳು ಹೀಗಿರುತ್ತವೆ:

```
['Karnataka', 'State',     '5020.00', ...]
[None,        'Private',   ...]
[None,        'Central',   ...]
[None,        'Sub Total', ...]
```

ಇಲ್ಲಿ ಹೆಸರು ಮೊದಲ ಸಾಲಿಗೇ ಬಂದಿದೆ. ನಾಲ್ಕು ಸಾಲಿನ ಎತ್ತರದ ಸೆಲ್‌ನ ಮೇಲಂಚು ಮೊದಲ ಸಾಲಿನಲ್ಲಿದೆ. ಆ ಸೆಲ್‌ನ ಗೆರೆಗಳೊಳಗೆ ಎಲ್ಲಿ ಅಚ್ಚಾಗಿದ್ದರೂ ಅಕ್ಷರಗಳೆಲ್ಲ ಅದೇ ಸೆಲ್‌ಗೆ ಸೇರುತ್ತವೆ. ಉಳಿದ ಮೂರು ಸಾಲುಗಳಲ್ಲಿ ಹೆಸರಿನ ಜಾಗದಲ್ಲಿ `None` ಇದೆ. ಇದು ಖಾಲಿ ಸೆಲ್‌ಗೆ ಬರುವ `''` ಅಲ್ಲ. `None` ಎಂದರೆ ಇಲ್ಲಿ ಬೇರೆ ಸೆಲ್ ಶುರುವಾಗಿಲ್ಲ, ಇದು ಮೇಲಿನ ಸೆಲ್‌ನ ಮುಂದುವರಿಕೆ ಎಂದು. `''` ಎಂದರೆ ಇಲ್ಲಿ ಸೆಲ್ ಇದೆ, ಒಳಗೆ ಬರಹವಿಲ್ಲ ಎಂದು. ಅನೇಕರು ಎರಡನ್ನೂ ಒಂದೇ ಎಂದುಕೊಂಡು ಪಾಂಡಾಸ್‌ಗೆ ತುಂಬಿ, ಮೇಲಿನ ಮೌಲ್ಯವನ್ನು ಕೆಳಗಿಳಿಸಿಬಿಡುತ್ತಾರೆ. ನಾನು `None` ಇದ್ದಲ್ಲಿ ಮಾತ್ರ ಮೇಲಿನ ಹೆಸರನ್ನು ಮುಂದುವರಿಸುತ್ತೇನೆ. ಹೆಸರಿನ ಕಾಲಂನಲ್ಲಿ `''` ಕಂಡರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು. ಏಕೆಂದರೆ ಈ ಕೋಷ್ಟಕದಲ್ಲಿ ಹೆಸರಿಲ್ಲದ ರಾಜ್ಯದ ಸೆಲ್ ಇರಲು ಕಾರಣವೇ ಇಲ್ಲ. ಅದು ಬಂದಿದೆಯೆಂದರೆ ನಡುವೆ ಇರಬಾರದ ಗೆರೆಯೊಂದು ಸೇರಿದೆ ಎಂದೇ ಅರ್ಥ.

ಗೆರೆಗಳ ದಾರಿಯೂ ಕೆಡುತ್ತದೆ, ಆದರೆ ಬೇರೆ ರೀತಿಯಲ್ಲಿ. ಎರಡು ಸಾಲುಗಳ ನಡುವಿನ ಗೆರೆ ಇಲ್ಲದೆ ಹೋದರೆ ಎರಡೂ ಸೆಲ್ ಕೂಡಿ, ಒಂದೇ ಸೆಲ್‌ನಲ್ಲಿ ಎರಡು ಅಂಕಿಗಳು ಒಂದರ ಕೆಳಗೊಂದು ಬರುತ್ತವೆ. ಅದಕ್ಕಾಗಿ ಅಂಕಿಯ ಪ್ರತಿ ಸೆಲ್ ಅನ್ನೂ ನಾನು ಮೊದಲು ಅದರ ಆಕಾರದಿಂದ ಪರೀಕ್ಷಿಸುತ್ತೇನೆ. ಅಂಕಿಗಳು, ಒಂದು ಚುಕ್ಕಿ, ಚುಕ್ಕಿಯ ನಂತರ ಎರಡೇ ಅಂಕಿ. ಬೇರೇನು ಬಂದರೂ ತಿರಸ್ಕಾರ. ಗೆರೆಗಳೆಂದು ನಮಗೆ ಕಾಣುವುದು ಕೆಲವೊಮ್ಮೆ ಕಡತದೊಳಗೆ ತೆಳುವಾದ ಆಯತಗಳಾಗಿರುತ್ತವೆ. `lines` ವಿಧಾನ ಆಯತದ ಅಂಚುಗಳನ್ನೂ ಗೆರೆಯೆಂದೇ ಎಣಿಸುತ್ತದೆ, `lines_strict` ಎಣಿಸುವುದಿಲ್ಲ. ಹಿನ್ನೆಲೆಗೆ ಬಣ್ಣ ಹಾಕಿದ ಉಪಮೊತ್ತದ ಸಾಲುಗಳಿದ್ದರೆ ಆ ಬಣ್ಣದ ಆಯತದ ಅಂಚು ನಿಜವಾದ ಗೆರೆಯ ಪಕ್ಕದಲ್ಲೇ ಬಿದ್ದು ಎರಡು ಗೆರೆಯಾಗಬಹುದು. ಹತ್ತಿರ ಹತ್ತಿರದ ಗೆರೆಗಳನ್ನು ಒಂದಾಗಿಸುವ `snap_tolerance` ಸಾಮಾನ್ಯವಾಗಿ 3 ಇರುತ್ತದೆ, ಈ ಕೋಷ್ಟಕಕ್ಕೆ ಅಷ್ಟು ಸಾಕು. ಸಂದೇಹ ಬಂದಾಗ ಊಹೆ ಮಾಡುತ್ತಾ ಕೂರದೆ, ಅದು ಯಾವ ಗೆರೆಗಳನ್ನು ಕಂಡಿದೆ ಎಂಬುದನ್ನು ಚಿತ್ರವಾಗಿ ತೆಗೆದು ನೋಡಬಹುದು:

```python
im = page.to_image(resolution=150)
im.debug_tablefinder(S).save("gere.png")
```

ಪುಟದ ಮೇಲೆ ಗುರುತಿಸಿದ ಗೆರೆಗಳೂ ಸೆಲ್‌ಗಳೂ ಬಣ್ಣದಲ್ಲಿ ಮೂಡುತ್ತವೆ. ಸೇರಬಾರದ ಸೆಲ್ ಸೇರಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಇನ್ನೊಂದು ಮಾತು. ಪುಟ ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ಮೇಲಿನ ಯಾವುದೂ ನಡೆಯುವುದಿಲ್ಲ. `len(page.chars)` ಸೊನ್ನೆ ಬಂದರೆ ಅಂಥ ಪುಟವೆಂದು ತಿಳಿದು ಪಕ್ಕಕ್ಕಿಡಬೇಕು. ಅಕ್ಷರ ಗುರುತಿಸುವ ತಂತ್ರಾಂಶದಿಂದ ಅಂಕಿ ತೆಗೆದು ಸೀದಾ ಡ್ಯಾಶ್‌ಬೋರ್ಡಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. 5 ಮತ್ತು 6ರ ಗೊಂದಲ ಅಲ್ಲಿ ದಿನನಿತ್ಯದ್ದು, ಆದ್ದರಿಂದ ಅಂಥ ಪುಟವನ್ನು ಮನುಷ್ಯರು ಕೂತು ಓದುವುದೇ ಸರಿ.

ಹೆಸರು ತಪ್ಪಿದರೆ ಹೇಗೆ ತಿಳಿಯಬೇಕು

ಓದುವ ವಿಧಾನ ಬದಲಾಯಿಸಿದರೆ ಈ ತಿಂಗಳಿನ ಅಂಕಿ ಸರಿಯಾಗುತ್ತದೆ. ಮುಂದೊಂದು ತಿಂಗಳು ಬೇರೆಯಾವುದೋ ಕಾರಣಕ್ಕೆ ಸಾಲು ಸರಿದರೆ ಅದನ್ನು ಹಿಡಿಯುವುದು ಪರೀಕ್ಷೆಗಳ ಕೆಲಸ. ಈ ಕೋಷ್ಟಕದ ಒಳ್ಳೆಯ ಗುಣವೆಂದರೆ ಅದು ತನ್ನ ಲೆಕ್ಕವನ್ನು ತಾನೇ ಹಲವು ಕಡೆ ಹೇಳುತ್ತದೆ. ಅದನ್ನು ಪೂರ್ತಿ ಬಳಸಿಕೊಳ್ಳಬೇಕು.

ಮೊದಲನೆಯದು ರಚನೆಯ ಪರೀಕ್ಷೆ, ಅಂಕಿಗಳನ್ನು ಮುಟ್ಟುವುದಕ್ಕೂ ಮೊದಲು ನಡೆಯುವಂಥದ್ದು. ಪ್ರತಿ ರಾಜ್ಯದ ಹೆಸರಿನಡಿ ನಾಲ್ಕೇ ಸಾಲು, ಅದೂ State, Private, Central, ಉಪಮೊತ್ತ ಎಂಬ ಕ್ರಮದಲ್ಲೇ ಇರಬೇಕು. ಹಳೆಯ ಸ್ಕ್ರಿಪ್ಟಿಗೆ ಈ ಒಂದು ಪರೀಕ್ಷೆ ಇದ್ದಿದ್ದರೆ ಕರ್ನಾಟಕದಡಿ Central, ಉಪಮೊತ್ತ, State, Private ಎಂಬ ಕ್ರಮ ಬಂದ ತಿಂಗಳೇ ಅದು ನಿಂತುಬಿಡುತ್ತಿತ್ತು. ಉಪಮೊತ್ತಕ್ಕೆ ನಡುವೆ ಅಡ್ಡಗೆರೆ ಇದ್ದರೂ ಇಲ್ಲದಿದ್ದರೂ ಹೊಂದುವಂತೆ, ಅಕ್ಷರಗಳನ್ನುಳಿದು ಮಿಕ್ಕದ್ದನ್ನು ತೆಗೆದು `subtotal` ಎಂದು ಮಾಡಿಕೊಂಡೇ ಹೋಲಿಸುತ್ತೇನೆ. ನಿಯಮಕ್ಕೆ ಅಪವಾದಗಳಿವೆ. ದಕ್ಷಿಣದ ಕೋಷ್ಟಕದಲ್ಲಿ ರಾಜ್ಯಗಳ ಜೊತೆಗೆ ನೈವೇಲಿಯ ಲಿಗ್ನೈಟ್ ಕಂಪನಿಯಾದ ಎನ್‌ಎಲ್‌ಸಿಗೆ ಮತ್ತು ಯಾವ ರಾಜ್ಯಕ್ಕೂ ಹಂಚದೆ ಉಳಿಸಿಕೊಂಡ ಕೇಂದ್ರದ ಪಾಲಿಗೆ ಬೇರೆ ಸಾಲುಗಳಿವೆ, ಅವು ನಾಲ್ಕರ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಹೆಸರು ಹಿಡಿದು ಪಟ್ಟಿ ಮಾಡಿಟ್ಟಿದ್ದೇನೆ. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ಸ್ಕ್ರಿಪ್ಟ್ ತಾನೇ ತೀರ್ಮಾನ ಮಾಡದೆ ನಿಲ್ಲುತ್ತದೆ.

ಎರಡನೆಯದು ಕೂಡುವ ಲೆಕ್ಕ, ಎರಡೂ ದಿಕ್ಕಿನಲ್ಲಿ. ಅಡ್ಡಲಾಗಿ ಕಲ್ಲಿದ್ದಲು, ಲಿಗ್ನೈಟ್, ಅನಿಲ, ಡೀಸೆಲ್ ಕೂಡಿದರೆ ಉಷ್ಣದ ಮೊತ್ತ, ಅದಕ್ಕೆ ಪರಮಾಣು, ಜಲ, ನವೀಕರಿಸಬಹುದಾದದ್ದು ಸೇರಿಸಿದರೆ ಒಟ್ಟು ಮೊತ್ತ ಬರಬೇಕು. ಕಾಲಂ ಪಕ್ಕಕ್ಕೆ ಸರಿದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಉದ್ದಕ್ಕೆ, ರಾಜ್ಯದೊಳಗಿನ ಮೂರು ವಲಯ ಕೂಡಿದರೆ ಆ ರಾಜ್ಯದ ಉಪಮೊತ್ತ ಬರಬೇಕು. ಸಾಲು ಪಕ್ಕದ ರಾಜ್ಯಕ್ಕೆ ಜಾರಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಹಳೆಯ ಸ್ಕ್ರಿಪ್ಟ್ ಉಪಮೊತ್ತದ ಸಾಲುಗಳನ್ನು ‘ನಾವೇ ಕೂಡಿಕೊಳ್ಳುತ್ತೇವೆ, ಇವೇಕೆ ಬೇಕು’ ಎಂದು ಓದಿದ ಕೂಡಲೇ ಎಸೆಯುತ್ತಿತ್ತು. ತಪ್ಪನ್ನು ಹಿಡಿಯುವ ಸಾಕ್ಷಿಯನ್ನೇ ಹೀಗೆ ಎಸೆದಂತಾಗಿತ್ತು. ಉಪಮೊತ್ತಗಳನ್ನು ಡ್ಯಾಶ್‌ಬೋರ್ಡಿಗೆ ಕಳಿಸದಿದ್ದರೂ ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಳ್ಳಲೇಬೇಕು.

ಕೂಡುವಾಗ ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು ಎಂಬುದಕ್ಕೂ ಲೆಕ್ಕವಿದೆ. ಅಂಕಿಗಳು ಎರಡು ದಶಮಾಂಶಕ್ಕೆ ದುಂಡಾಗಿರುವುದರಿಂದ ಒಂದೊಂದರಲ್ಲೂ ಹೆಚ್ಚೆಂದರೆ 0.005 ವ್ಯತ್ಯಾಸ ಇರಬಹುದು. ನಾಲ್ಕು ಅಂಕಿ ಮತ್ತು ಅವುಗಳ ಮೊತ್ತ ಸೇರಿ ಐದು, ಅಂದರೆ 0.025. ನಮಗೆ ಕಾಣುವ ವ್ಯತ್ಯಾಸ 0.01ರ ಗುಣಕವೇ ಆಗಿರುವುದರಿಂದ 0.02 ಮೀರುವಂತಿಲ್ಲ. ಮೂರು ವಲಯಗಳ ಲೆಕ್ಕದಲ್ಲೂ ಮಿತಿ 0.02 ಆಗುತ್ತದೆ. ‘ಶೇಕಡಾ ಒಂದರಷ್ಟು ಹೆಚ್ಚು ಕಡಿಮೆ ಇರಲಿ’ ಎಂದು ಬಿಡುವವರಿದ್ದಾರೆ. ಮೂವತ್ತು ಸಾವಿರ ಮೆಗಾವಾಟಿನ ರಾಜ್ಯದಲ್ಲಿ ಶೇಕಡಾ ಒಂದು ಎಂದರೆ ಮುನ್ನೂರು ಮೆಗಾವಾಟ್, ಅಷ್ಟರಲ್ಲಿ ರಾಯಚೂರಿನ 210 ಮೆಗಾವಾಟಿನ ಒಂದು ಘಟಕವೇ ಕಾಣೆಯಾಗಬಹುದು. ಇಂಥ ಸಡಿಲಿಕೆ ಇಲ್ಲಿ ಬೇಡ. ಪೈಥಾನಿನ ತೇಲುವ ದಶಮಾಂಶದಿಂದ ಬರುವ ಸಣ್ಣ ಬಾಲಗಳು ತೊಂದರೆ ಕೊಡದಂತೆ `Decimal` ಬಳಸಿದ್ದೇನೆ.

ಇಷ್ಟಾದರೂ ಒಂದು ಬಗೆಯ ತಪ್ಪು ಉಳಿದುಬಿಡುತ್ತದೆ. ನಾಲ್ಕು ಸಾಲೂ ಒಟ್ಟಿಗೆ ಬೇರೆ ರಾಜ್ಯದ ಹೆಸರಿಗೆ ಹೋದರೆ ರಚನೆಯೂ ಸರಿ, ಮೊತ್ತವೂ ಸರಿ. ಅದಕ್ಕೆ ಕಳೆದ ತಿಂಗಳೊಂದಿಗೆ ಹೋಲಿಕೆಯೇ ಮದ್ದು. ಸ್ಥಾಪಿತ ಸಾಮರ್ಥ್ಯ ಎನ್ನುವುದು ತಿಂಗಳಿಂದ ತಿಂಗಳಿಗೆ ಏರಿಳಿಯುವ ಅಂಕಿಯಲ್ಲ. ಕಲ್ಲಿದ್ದಲಿನದ್ದು ಬದಲಾದರೆ ಇಡೀ ಘಟಕದ ಅಳತೆಯಲ್ಲಿ ಬದಲಾಗುತ್ತದೆ: ಯರಮರಸಿನ ಘಟಕಗಳು ತಲಾ 800, ಬಳ್ಳಾರಿಯವು 500, 500 ಮತ್ತು 700. ಸೌರ ಮತ್ತು ಪವನ ವಿದ್ಯುತ್ ಮಾತ್ರ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗುತ್ತದೆ. ಆದ್ದರಿಂದ ಕಲ್ಲಿದ್ದಲು, ಅನಿಲ, ಪರಮಾಣು, ಜಲ ಇವುಗಳಲ್ಲಿ ಯಾವ ರಾಜ್ಯದಲ್ಲಾಗಲಿ ಏನೇ ಬದಲಾವಣೆ ಕಂಡರೂ ಅದು ಮನುಷ್ಯರ ಕಣ್ಣಿಗೆ ಬಿದ್ದೇ ಮುಂದೆ ಹೋಗಬೇಕೆಂದು ಇಟ್ಟಿದ್ದೇವೆ. ಬಹುಪಾಲು ತಿಂಗಳಲ್ಲಿ ನೋಡಬೇಕಾದ ಸಾಲುಗಳು ಬೆರಳೆಣಿಕೆಯಷ್ಟು, ಅದೇನೂ ಹೊರೆಯಲ್ಲ. ಹೊಸ ಘಟಕ ಶುರುವಾಗಿರಬಹುದು, ಹಳೆಯದು ನಿವೃತ್ತವಾಗಿರಬಹುದು, ಕೇಂದ್ರದ ಪಾಲಿನ ಹಂಚಿಕೆ ಬದಲಾಗಿರಬಹುದು. ಕಾರಣ ಸಿಕ್ಕರೆ ಒಪ್ಪಿಗೆ ಕೊಡುತ್ತೇವೆ, ಸಿಗದಿದ್ದರೆ ಪಿಡಿಎಫ್ ತೆರೆದು ನೋಡುತ್ತೇವೆ.

ಹಳೆಯ ತಿಂಗಳುಗಳು

ತಪ್ಪು ಅಂಕಿ ಸಂಗ್ರಹದ ತುಂಬ ಹರಡಿದ್ದರಿಂದ ಹಿಂದಿನ ವರದಿಗಳನ್ನೆಲ್ಲ ಹೊಸದಾಗಿ ಓದಬೇಕಾಯಿತು. ಪುಣ್ಯಕ್ಕೆ ಹಳೆಯ ಪಿಡಿಎಫ್ ಕಡತಗಳನ್ನು ತಂಡದವರು ಅಳಿಸಿರಲಿಲ್ಲ. ಅಂಕಿ ತೆಗೆದಾಯಿತಲ್ಲ ಎಂದು ಮೂಲ ಕಡತವನ್ನು ಎಸೆಯುವ ಅಭ್ಯಾಸವಿದ್ದವರು ದಯವಿಟ್ಟು ಅದನ್ನು ಬಿಡಬೇಕು.

ಹಿಂದಕ್ಕೆ ಹೋದಂತೆ ಕೋಷ್ಟಕದ ರೂಪವೇ ಬೇರೆಯಾಗುತ್ತದೆ. ಹಳೆಯ ವರದಿಗಳಲ್ಲಿ ಲಿಗ್ನೈಟಿಗೆ ಪ್ರತ್ಯೇಕ ಕಾಲಂ ಇಲ್ಲ, ಅದು ಕಲ್ಲಿದ್ದಲಿನಲ್ಲೇ ಸೇರಿದೆ. ಮೂರನೆಯ ಅಂಕಿ ಅನಿಲ ಎಂದು ಜಾಗದ ಲೆಕ್ಕದಲ್ಲಿ ಓದಿದರೆ ಅಲ್ಲಿ ಡೀಸೆಲ್ ಸಿಗುತ್ತದೆ. ಹೀಗಾಗಿ ಶೀರ್ಷಿಕೆಯ ಸೆಲ್‌ಗಳಲ್ಲಿ `Coal`, `Lignite`, `Gas`, `Diesel` ಈ ಪದಗಳು ಈ ಕ್ರಮದಲ್ಲಿವೆಯೇ ಎಂದು ನೋಡಿ, ಇದ್ದರೆ ಹೊಸ ನಕ್ಷೆ, ಲಿಗ್ನೈಟ್ ಇಲ್ಲದಿದ್ದರೆ ಹಳೆಯ ನಕ್ಷೆ, ಎರಡೂ ಹೊಂದದಿದ್ದರೆ ನಿಲ್ಲು ಎಂದು ಬರೆದೆ. ಚಿತ್ರದಲ್ಲಿ ಮಾತ್ರ ಎಲ್ಲ ವರ್ಷಗಳಿಗೂ ಕಲ್ಲಿದ್ದಲು ಮತ್ತು ಲಿಗ್ನೈಟನ್ನು ಕೂಡಿಸಿ ಒಂದೇ ಗೆರೆಯಾಗಿ ತೋರಿಸುತ್ತೇವೆ. ಹಾಗೆ ಮಾಡದಿದ್ದರೆ ನೈವೇಲಿಯ ಲಿಗ್ನೈಟ್ ಇರುವ ತಮಿಳುನಾಡಿನ ಕಲ್ಲಿದ್ದಲು ಒಂದು ತಿಂಗಳು ಇದ್ದಕ್ಕಿದ್ದಂತೆ ಕುಸಿದಂತೆ ಕಾಣುತ್ತದೆ, ನಿಜದಲ್ಲಿ ಅಲ್ಲೇನೂ ಮುಚ್ಚಿರುವುದಿಲ್ಲ.

ರಾಜ್ಯಗಳೂ ಬದಲಾಗಿವೆ. 2014ರ ಜೂನ್ 2ರಂದು ತೆಲಂಗಾಣ ಬೇರೆಯಾಯಿತು. 2019ರ ಅಕ್ಟೋಬರ್ 31ರಂದು ಜಮ್ಮು ಮತ್ತು ಕಾಶ್ಮೀರದಿಂದ ಲಡಾಖ್ ಬೇರೆಯಾಯಿತು. 2020ರ ಜನವರಿ 26ರಂದು ದಾದ್ರಾ ನಗರ ಹವೇಲಿ ಮತ್ತು ದಮನ್ ದಿಯು ಒಂದಾದವು. ವರದಿಯಲ್ಲಿ ಹೆಸರು ಬದಲಾಗುವುದು ಯಾವಾಗಲೂ ಆ ದಿನಾಂಕದಂದೇ ಆಗಬೇಕೆಂದಿಲ್ಲ. ಹಾಗಾಗಿ ಹೆಸರುಗಳ ಪಟ್ಟಿಗೆ ‘ಯಾವ ವರದಿಯಿಂದ ಯಾವ ವರದಿಯವರೆಗೆ’ ಎಂಬ ಎರಡು ಕಾಲಂ ಸೇರಿಸಿದೆವು. ಅವಿಭಜಿತ ಆಂಧ್ರದ ಅಂಕಿಯನ್ನು ಅಂದಾಜಿನ ಮೇಲೆ ಒಡೆದು ಇಬ್ಬರಿಗೂ ಹಂಚುವ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ. ವರದಿ ಹೇಳದ ಅಂಕಿಯನ್ನು ಡ್ಯಾಶ್‌ಬೋರ್ಡ್ ಹೇಳಬಾರದು. ತೆಲಂಗಾಣದ ಗೆರೆ ಅದರ ಮೊದಲ ವರದಿಯಿಂದಲೇ ಶುರುವಾಗುತ್ತದೆ.

ಅಂಕಿ ಸರಿ, ಅರ್ಥ ಏನು

ಹೊಸ ಪುಟ ತೆರೆದ ಮೇಲೂ ಒಂದು ಪ್ರಶ್ನೆ ಮತ್ತೆ ಮತ್ತೆ ಬಂತು. ‘ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, ಅಲ್ಲಿಗೆ 880. ಕರ್ನಾಟಕದ ಪರಮಾಣು ಕಾಲಂನಲ್ಲಿ 880 ಯಾಕಿಲ್ಲ?’ ಇದು ಓದುವುದರಲ್ಲಾದ ತಪ್ಪಲ್ಲ. ಪುಟದ ಶೀರ್ಷಿಕೆಯಲ್ಲೇ ‘allocated shares’ ಎಂದಿದೆ. ಸ್ಥಾವರ ಯಾವ ರಾಜ್ಯದ ನೆಲದ ಮೇಲಿದೆ ಎಂಬುದನ್ನಲ್ಲ, ಕೇಂದ್ರದ ಮತ್ತು ಜಂಟಿ ಸ್ಥಾವರಗಳಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಹಂಚಿದೆ ಎಂಬುದನ್ನು ಈ ಕೋಷ್ಟಕ ಹೇಳುತ್ತದೆ. ಕೈಗಾದ ವಿದ್ಯುತ್ತಿನಲ್ಲಿ ನೆರೆಯ ರಾಜ್ಯಗಳಿಗೂ ಪಾಲಿದೆ, ಹೊರಗಿನ ಸ್ಥಾವರಗಳಿಂದ ಕರ್ನಾಟಕಕ್ಕೂ ಪಾಲು ಬರುತ್ತದೆ. ವಿಜಯಪುರದ ಕೂಡಗಿಯಲ್ಲಿರುವ ಎನ್‌ಟಿಪಿಸಿಯ 2400 ಮೆಗಾವಾಟ್ ಸ್ಥಾವರದ ವಿಷಯವೂ ಹೀಗೆಯೇ. ಡ್ಯಾಶ್‌ಬೋರ್ಡಿನಲ್ಲಿ ‘ಕರ್ನಾಟಕದಲ್ಲಿರುವ ಸಾಮರ್ಥ್ಯ’ ಎಂದಿದ್ದ ಶೀರ್ಷಿಕೆಯನ್ನು ‘ಕರ್ನಾಟಕಕ್ಕೆ ಸಲ್ಲುವ ಸಾಮರ್ಥ್ಯ, ಹಂಚಿಕೆಯ ಪಾಲು ಸೇರಿ’ ಎಂದು ಬದಲಾಯಿಸಿದೆವು. ಕೋಷ್ಟಕ ತೆಗೆಯುವಾಗ ಅದರ ಶೀರ್ಷಿಕೆಯನ್ನು ಬಿಟ್ಟು ಅಂಕಿಗಳನ್ನಷ್ಟೇ ತಂದರೆ ಹೀಗೆ ಅರ್ಥವೇ ಕಳೆದುಹೋಗುತ್ತದೆ. ಈಗ ಪ್ರತಿ ತಿಂಗಳ ಶೀರ್ಷಿಕೆಯ ಪಠ್ಯವನ್ನೂ ಅಂಕಿಗಳ ಜೊತೆಗೇ ಉಳಿಸುತ್ತೇವೆ. ಅದರಲ್ಲಿ ದಿನಾಂಕ ಬಿಟ್ಟು ಬೇರೇನು ಬದಲಾದರೂ ಎಚ್ಚರಿಕೆ ಬರುತ್ತದೆ.

ನವೀಕರಿಸಬಹುದಾದ ಮೂಲಗಳ ಕಾಲಂ ಕೂಡ ಇಂಥದ್ದೇ. 25 ಮೆಗಾವಾಟ್‌ವರೆಗಿನ ಕಿರು ಜಲವಿದ್ಯುತ್ ಆ ಕಾಲಂನಲ್ಲಿದೆ, ಅದಕ್ಕಿಂತ ದೊಡ್ಡದು ಜಲದ ಕಾಲಂನಲ್ಲಿದೆ. ದೊಡ್ಡ ಜಲವಿದ್ಯುತ್ತನ್ನೂ ನವೀಕರಿಸಬಹುದಾದದ್ದೆಂದು ಪರಿಗಣಿಸುವ ತೀರ್ಮಾನವನ್ನು ಕೇಂದ್ರ ಸರ್ಕಾರ 2019ರ ಮಾರ್ಚ್‌ನಲ್ಲಿ ಮಾಡಿತು. 1035 ಮೆಗಾವಾಟಿನ ಶರಾವತಿಯನ್ನು ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು. ಆದ್ದರಿಂದ ಎರಡು ಕಾಲಂಗಳನ್ನೂ ವರದಿಯಲ್ಲಿರುವಂತೆಯೇ ಬೇರೆ ಬೇರೆ ಇಟ್ಟು, ಕೂಡಿಸುವ ಕೆಲಸವನ್ನು ಚಿತ್ರ ಬಿಡಿಸುವ ಹಂತಕ್ಕೆ ಬಿಟ್ಟಿದ್ದೇವೆ.

ತಾನಾಗಿ ಎಂದರೆ ಎಷ್ಟು ತಾನಾಗಿ

ಈಗಿನ ವ್ಯವಸ್ಥೆ ಹೀಗಿದೆ. ಸ್ಕ್ರಿಪ್ಟ್ ದಿನಕ್ಕೊಮ್ಮೆ ಹೊಸ ಕಡತ ಬಂದಿದೆಯೇ ಎಂದು ನೋಡುತ್ತದೆ. ಇದೇ ಕೋಷ್ಟಕ ಎಕ್ಸೆಲ್ ರೂಪದಲ್ಲಿ ಸಿಕ್ಕರೆ ಅದನ್ನೇ ಮೊದಲು ತೆಗೆದುಕೊಳ್ಳುವಂತೆ ದಾರಿ ತೆರೆದಿಟ್ಟಿದ್ದೇವೆ, ಆಗ ಗೆರೆ ಹುಡುಕುವ ಕಷ್ಟವೇ ಇರುವುದಿಲ್ಲ. ಪಿಡಿಎಫ್ ಆದರೆ ಇಳಿಸಿಕೊಂಡು ಅದರ `sha256` ಗುರುತನ್ನು ಬರೆದಿಟ್ಟುಕೊಳ್ಳುತ್ತದೆ. ಅದೇ ವಿಳಾಸದಲ್ಲಿ ತಿದ್ದಿದ ಕಡತ ಬಂದರೆ ಹೆಸರು ಅದೇ ಇದ್ದರೂ ಗುರುತು ಬೇರೆಯಾಗುತ್ತದೆ, ಆಗ ಹಳೆಯ ಅಂಕಿಯ ಮೇಲೆ ಬರೆಯದೆ ಎರಡನೆಯ ಆವೃತ್ತಿಯಾಗಿ ಸೇರಿಸುತ್ತದೆ. ತಿಂಗಳು ಯಾವುದೆಂಬುದನ್ನು ಕಡತದ ಹೆಸರಿನಿಂದಾಗಲಿ ಇಳಿಸಿದ ದಿನದಿಂದಾಗಲಿ ತೆಗೆದುಕೊಳ್ಳುವುದಿಲ್ಲ. ಪುಟದ ಮೇಲಿರುವ `As on` ದಿನಾಂಕವೇ ಪ್ರಮಾಣ. ಎಲ್ಲ ಪ್ರದೇಶಗಳ ಪುಟಗಳಲ್ಲೂ ಒಂದೇ ದಿನಾಂಕ ಇರಬೇಕು, ಅದು ತಿಂಗಳ ಕೊನೆಯ ದಿನವಾಗಿರಬೇಕು.

ಪರೀಕ್ಷೆಗಳೆಲ್ಲ ಪಾಸಾಗಿ, ಸೌರ ಮತ್ತು ಪವನದ ಸಹಜ ಏರಿಕೆಯ ಹೊರತು ಬೇರೆ ಬದಲಾವಣೆ ಇಲ್ಲದಿದ್ದರೆ ಅಂಕಿಗಳು ತಾವಾಗಿ ಡ್ಯಾಶ್‌ಬೋರ್ಡಿಗೆ ಹೋಗುತ್ತವೆ. ಬೇರೆ ಬದಲಾವಣೆ ಇದ್ದರೆ ಬದಲಾದ ಸಾಲುಗಳಷ್ಟೇ ಇರುವ ಒಂದು ಇಮೇಲ್ ತಂಡದ ಇಬ್ಬರಿಗೆ ಬರುತ್ತದೆ, ಅವರಲ್ಲೊಬ್ಬರು ನೋಡಿ ಒಪ್ಪಬೇಕು. ಯಾವುದಾದರೂ ಪರೀಕ್ಷೆ ಫೇಲಾದರೆ ಆ ತಿಂಗಳ ಒಂದು ಅಂಕಿಯೂ ಒಳಗೆ ಹೋಗುವುದಿಲ್ಲ. ಉತ್ತರ ಭಾರತದ ಪುಟ ಸರಿ ಇದೆ, ದಕ್ಷಿಣದ್ದು ಮಾತ್ರ ಕೆಟ್ಟಿದೆ ಎಂದು ಅರ್ಧ ತುಂಬಿದರೆ ಅಖಿಲ ಭಾರತದ ಮೊತ್ತ ಎರಡು ತಿಂಗಳುಗಳ ಮಿಶ್ರಣವಾಗಿಬಿಡುತ್ತದೆ. ಅಂಥ ಸಂದರ್ಭದಲ್ಲಿ ಡ್ಯಾಶ್‌ಬೋರ್ಡ್ ಹಿಂದಿನ ತಿಂಗಳ ಅಂಕಿಗಳನ್ನೇ ತೋರಿಸುತ್ತಿರುತ್ತದೆ. ಅವು ಯಾವ ದಿನಕ್ಕೆ ಇದ್ದಂತೆ ಎಂಬುದು ಪ್ರತಿ ಚಿತ್ರದ ಕೆಳಗೂ ಬರೆದಿರುತ್ತದೆ.

ಫೋನ್ ಮಾಡಿದ್ದ ಎಂಜಿನಿಯರ್ ಸಲಹೆಯ ಮೇರೆಗೆ ಕೊನೆಗೆ ಇನ್ನೊಂದು ಪರೀಕ್ಷೆ ಸೇರಿತು. ಬಲ್ಲವರು ಬಾಯಿಪಾಠವಾಗಿ ಹೇಳಬಲ್ಲ ಒಂದೊಂದು ಅಂಕಿಯನ್ನು ಪ್ರತಿ ಪ್ರದೇಶಕ್ಕೂ ಆರಿಸಿ, ಅದು ಇರಬೇಕಾದ ಸೆಲ್‌ನಲ್ಲೇ ಇದೆಯೇ ಎಂದು ಸ್ಕ್ರಿಪ್ಟ್ ಮೊದಲಿಗೇ ನೋಡಿಕೊಳ್ಳುತ್ತದೆ. ದಕ್ಷಿಣಕ್ಕೆ ಆರಿಸಿದ್ದು ಕರ್ನಾಟಕ, State, Coal, 5020.00. ಮುಂದೆ ಆ ಸ್ಥಾವರಗಳಲ್ಲಿ ಒಂದು ಘಟಕ ನಿವೃತ್ತವಾದರೆ ಅಥವಾ ಹೊಸದು ಸೇರಿದರೆ ಈ ಅಂಕಿಯನ್ನು ಕೈಯಾರೆ ಬದಲಾಯಿಸಬೇಕು. ಅದನ್ನು ಬದಲಾಯಿಸುವವರು ತಮ್ಮ ಹೆಸರನ್ನೂ ಕಾರಣವನ್ನೂ ಪಕ್ಕದಲ್ಲಿ ಬರೆಯಬೇಕೆಂದು ನಿಯಮ ಮಾಡಿದ್ದೇವೆ.